ಒಂದೇ ಸಿಗ್ಮಾ, ಎರಡು ಮಶಿನ್: ಗಂಗಾವತಿಯ ಅಕ್ಕಿ ಚೀಲಗಳ ಮೇಲೆ ಚೆಬಿಷೆವ್ ಲೆಕ್ಕ

ನಮ್ಮ ಸೋದರಮಾವನದು ಗಂಗಾವತಿ ಹತ್ತಿರ ಒಂದು ರೈಸ್ ಮಿಲ್. ಊರಲ್ಲಿ ಮಿಲ್ಲುಗಳಿಗೇನು ಬರ ಇಲ್ಲ, ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದಾಗಿನಿಂದ ಈ ಕಡೆ ಭತ್ತವೇ ಭತ್ತ. ಮಾವನ ಮಿಲ್ಲಲ್ಲಿ ಸೋನಾ ಮಸೂರಿಯನ್ನು 25 ಕೆಜಿ ಚೀಲ ಮಾಡಿ ಕಳಿಸುತ್ತಾರೆ. ಚೀಲ ತುಂಬಲು ಎರಡು ಮಶಿನ್ ಇವೆ. ಒಂದನೇದು ದಿನಕ್ಕೆ ಹೆಚ್ಚುಕಮ್ಮಿ 1,200 ಚೀಲ ತುಂಬುತ್ತದೆ. ಎರಡನೇದು ಹೊಸದು, ಆದರೆ ಕೆಲಸ ಕಡಿಮೆ. ಎರಡನೇ ಸಲ ಪಾಲಿಶ್ ಮಾಡಿದ ಅಕ್ಕಿಗೆ ಮಾತ್ರ ಅದನ್ನು ಓಡಿಸುತ್ತಾರೆ.

ಬಳ್ಳಾರಿಯ ಹೋಲ್‌ಸೇಲ್ ಅಂಗಡಿಯವರೊಬ್ಬರು ತಕರಾರು ತೆಗೆದರು. ಚೀಲ ತೂಗಿ ನೋಡಿದರೆ ಕೆಲವು 25ಕ್ಕಿಂತ ಕಡಿಮೆ ಬರ್ತಿವೆ, ನೂರಕ್ಕೆ ಒಂದಕ್ಕಿಂತ ಜಾಸ್ತಿ ಚೀಲ ಕಡಿಮೆ ಬಂದರೆ ಇನ್ನು ಮಾಲು ಬೇಡ, ಅಂತ. ಮಾವ ಫೋನ್ ಮಾಡಿದ. ನಾನು ಬಿಎಸ್ಸಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದವನು, ಈಗ ಮಾಡುವ ಕೆಲಸವೂ ಅಂಕಿ-ಅಂಶದ್ದೇ. ಹಾಗಾಗಿ ಮನೆಯಲ್ಲಿ ಲೆಕ್ಕದ ವಿಷಯ ಬಂದರೆ ನನಗೇ ಫೋನು.

ಆಗ ನಾನು ಮಾಡಿದ ಎರಡು ತಪ್ಪುಗಳ ಕಥೆ ಇದು. ಎರಡೂ ಚೆಬಿಷೆವ್ ಅಸಮಾನತೆ ಅನ್ನುವ ಒಂದೇ ಗಣಿತ ಸೂತ್ರದಿಂದ ಬಂದವು, ಆದರೆ ಒಂದು ಈ ಕಡೆಗೆ ತಪ್ಪು, ಇನ್ನೊಂದು ಅದರ ಎದುರು ಕಡೆಗೆ.

ಸೀಮೆಸುಣ್ಣದ ಲೆಕ್ಕ

ಮಿಲ್ಲಿಗೆ ಹೋದ ದಿನ ನನ್ನ ಕೈಯಲ್ಲಿ ಇದ್ದದ್ದು ಎರಡೇ ಅಂಕಿ. ಒಂದನೇ ಮಶಿನ್‌ನ ಸರಾಸರಿ 25.060 ಕೆಜಿ. ಅದರ ಸ್ಟ್ಯಾಂಡರ್ಡ್ ಡಿವಿಯೇಷನ್, ಅಂದರೆ ಸಿಗ್ಮಾ, ತೂಕ ಸರಾಸರಿಯಿಂದ ಎಷ್ಟು ಆಚೀಚೆ ಹರಡಿದೆ ಅನ್ನುವ ಅಳತೆ, 40 ಗ್ರಾಂ. ಸಿಗ್ಮಾದ ವರ್ಗವೇ ವೇರಿಯನ್ಸ್, ಅಂದರೆ ಇಲ್ಲಿ 1,600. ಚೀಲಗಳ ತೂಕ ಹೇಗೆ ಹರಡಿದೆ, ಗಂಟೆಯಾಕಾರವೋ, ಒಂದು ಕಡೆ ವಾಲಿದೆಯೋ, ಏನೂ ಗೊತ್ತಿಲ್ಲ. ಗೊತ್ತಿಲ್ಲದಿದ್ದಾಗ ಏನು ಮಾಡಬೇಕು ಅಂತ ಪುಸ್ತಕದಲ್ಲಿ ಇದೆಯಲ್ಲ, ಚೆಬಿಷೆವ್ ಅಸಮಾನತೆ:

P(|X − μ| ≥ kσ) ≤ 1/k²

ಸರಾಸರಿಯಿಂದ k ಸಿಗ್ಮಾ ಅಥವಾ ಅದಕ್ಕಿಂತ ದೂರ ಬೀಳುವ ಪಾಲು 1/k² ದಾಟುವುದಿಲ್ಲ. ಹರಡುವಿಕೆ ಯಾವ ಆಕಾರದ್ದಾದರೂ ಸರಿ, ವೇರಿಯನ್ಸ್ ಒಂದು ಇದ್ದರೆ ಸಾಕು. ಫ್ರಾನ್ಸಿನ ಬಿಯೆನೆಮೆ ಇದನ್ನು 1853ರಲ್ಲೇ ಬರೆದಿದ್ದ, ರಷ್ಯಾದ ಚೆಬಿಷೆವ್ 1867ರಲ್ಲಿ ಬರೆದ, ಹೆಸರು ಉಳಿದದ್ದು ಚೆಬಿಷೆವ್‌ದೇ.

ನನಗೆ ಬೇಕಿದ್ದದ್ದು ನೂರಕ್ಕೆ ಒಂದು. 1/k² ಅನ್ನೋದು 1/100 ಆಗಬೇಕಾದರೆ k ಹತ್ತು. ಹತ್ತು ಸಿಗ್ಮಾ ಅಂದರೆ 400 ಗ್ರಾಂ. ಹಾಗಾಗಿ ಮಶಿನ್ ಪ್ಯಾನೆಲ್ ಮೇಲೆ ಸೀಮೆಸುಣ್ಣದಲ್ಲಿ 25.400 ಅಂತ ಬರೆದೆ. ಇಲ್ಲಿಗೆ ಸೆಟ್ ಮಾಡಿ ಮಾವಾ, ಯಾವ ಆಕಾರ ಇದ್ದರೂ ನೂರಕ್ಕೆ ಒಂದಕ್ಕಿಂತ ಜಾಸ್ತಿ ಕಡಿಮೆ ಬರಲ್ಲ, ಗ್ಯಾರಂಟಿ, ಅಂದೆ.

ಮಾವ ಪ್ಯಾನೆಲ್ ನೋಡಿದ, ನನ್ನ ಮುಖ ನೋಡಿದ.

"ಏನಪಾ, ಚೀಲಕ್ಕ ನಾನೂರು ಗ್ರಾಂ ಜಾಸ್ತಿ ಹಾಕಬೇಕಾ? ದಿನಕ್ಕ ಎಷ್ಟು ಆಗ್ತೈತಿ ಲೆಕ್ಕಾ ಮಾಡಿಯೇನು?"

ಮಾಡಿರಲಿಲ್ಲ. 1,200 ಚೀಲಕ್ಕೆ 400 ಗ್ರಾಂ ಅಂದರೆ ದಿನಕ್ಕೆ 480 ಕೆಜಿ. ಹತ್ತೊಂಬತ್ತು ಚೀಲ.

"ದಿನಾ ಹತ್ತೊಂಬತ್ತು ಚೀಲ ಪುಕ್ಕಟೆ ಕೊಟ್ಟು ಮಿಲ್ ನಡಸೂದಕ್ಕಿಂತ ಬಾಗಿಲಾ ಹಾಕೂದು ಚಲೋ."

ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದೇ ನನಗೆ ಕಿರಿಕಿರಿ. ಲೆಕ್ಕ ಸರಿ ಇದೆ, ಉತ್ತರ ಮಾತ್ರ ಯಾರಿಗೂ ಬೇಡದ್ದು.

200 ಚೀಲ ತೂಗಿದ್ದು

ಸರಿ, ಹಾಗಾದರೆ ಚೀಲಗಳನ್ನೇ ತೂಗೋಣ ಅಂದುಕೊಂಡೆ. ಇಬ್ಬರು ಹಮಾಲರು, ಒಂದು ಕಾಟಾ, ಅರ್ಧ ದಿನ. ಒಂದನೇ ಮಶಿನ್‌ನ 200 ಚೀಲ ಒಂದಾದ ಮೇಲೊಂದು ತೂಗಿದೆವು. ಖಾಲಿ ಚೀಲದ ತೂಕ ಕಳೆದು, ಸರಾಸರಿಯಿಂದ ಎಷ್ಟು ಆಚೀಚೆ ಅಂತ ಬರೆದುಕೊಂಡೆ. ಲೆಕ್ಕ ಕಣ್ಣಿಗೆ ಕಾಣಲಿ ಅಂತ ಕೆಳಗೆ 20 ಗ್ರಾಂ ಮೆಟ್ಟಿಲಿಗೆ ತಂದು, ಎರಡೂ ಕಡೆ ಸಮ ಮಾಡಿ ಕೊಟ್ಟಿದ್ದೇನೆ. ನಿಜವಾದ ಪಟ್ಟಿ ಇಷ್ಟು ನೀಟಾಗಿರಲಿಲ್ಲ.

```
ದೂರ (ಗ್ರಾಂ)    ಚೀಲ    ವರ್ಗಗಳ ಮೊತ್ತ
   0           40            0
 ±20           72       28,800
 ±40           46       73,600
 ±60           26       93,600
 ±80           10       64,000
±100            6       60,000
ಒಟ್ಟು          200      320,000
```

ಕೊನೆಯ ಕಾಲಂ ಅಂದರೆ ದೂರವನ್ನು ಅದರಿಂದಲೇ ಗುಣಿಸಿ, ಚೀಲಗಳ ಸಂಖ್ಯೆಯಿಂದ ಮತ್ತೆ ಗುಣಿಸಿದ್ದು. ಒಟ್ಟು 3,20,000. ಅದನ್ನು 200ರಿಂದ ಭಾಗಿಸಿದರೆ 1,600, ನಮ್ಮ ವೇರಿಯನ್ಸ್. ಸರಿಯಾಗಿದೆ.

ಸರಾಸರಿ 25.060 ಇದ್ದಾಗ 80 ಮತ್ತು 100 ಗ್ರಾಂ ಕೆಳಗೆ ಬಿದ್ದ ಚೀಲಗಳೇ ಕಡಿಮೆ ತೂಕದವು, ಅಂದರೆ ಎಂಟು. ನೂರಕ್ಕೆ ನಾಲ್ಕು. ಅಂಗಡಿಯವರ ತಕರಾರು ಸುಳ್ಳಲ್ಲ.

ಈಗ ಅಸಮಾನತೆಯನ್ನು ಇದರ ಪಕ್ಕ ಇಡೋಣ. ಎರಡು ಸಿಗ್ಮಾ, ಅಂದರೆ 80 ಗ್ರಾಂ ಅಥವಾ ಅದಕ್ಕಿಂತ ದೂರ ಎಷ್ಟು ಚೀಲ ಇರಬಹುದು? ಚೆಬಿಷೆವ್ ಪ್ರಕಾರ ಹೆಚ್ಚೆಂದರೆ ನಾಲ್ಕರಲ್ಲಿ ಒಂದು, ಅಂದರೆ 50 ಚೀಲ. ಇದ್ದದ್ದು 16. ಮೂರು ಸಿಗ್ಮಾ, 120 ಗ್ರಾಂ? ಒಂಬತ್ತರಲ್ಲಿ ಒಂದು, ಸುಮಾರು 22 ಚೀಲ. ಇದ್ದದ್ದು ಸೊನ್ನೆ. ಹತ್ತು ಸಿಗ್ಮಾ, 400 ಗ್ರಾಂ? ಎರಡು ಚೀಲ ಇರಬಹುದು ಅನ್ನುತ್ತದೆ ಅಸಮಾನತೆ, ಆದರೆ ಇಲ್ಲಿ 100 ಗ್ರಾಂ ಆಚೆ ಒಂದೂ ಚೀಲ ಇಲ್ಲ. ದೂರ ಹೋದಷ್ಟೂ ಮಿತಿ ನಿಜದ ಎಷ್ಟು ಪಟ್ಟು ಅನ್ನುವುದು ಜಾಸ್ತಿ ಆಗುತ್ತದೆ, ಕಡಿಮೆ ಆಗಲ್ಲ.

ಖರ್ಚಿನ ಪುಸ್ತಕ

ಮಿತಿಗೂ ನಿಜಕ್ಕೂ ನಡುವಿನ ಈ ಸಡಿಲು ಎಲ್ಲಿಂದ ಬರುತ್ತದೆ ಅಂತ ನೋಡಲು ಮೇಲಿನ ಕೊನೆಯ ಕಾಲಂ ಸಾಕು. ನಾನು ಅದನ್ನು ಮಾವನಿಗೆ ಖರ್ಚಿನ ಪುಸ್ತಕ ಅಂತಲೇ ವಿವರಿಸಿದೆ, ಯಾಕಂದರೆ ಅವನಿಗೆ ಖರ್ಚಿನ ಪುಸ್ತಕ ನನಗಿಂತ ಚೆನ್ನಾಗಿ ಓದಲು ಬರುತ್ತದೆ.

ನಮ್ಮ ಹತ್ತಿರ 3,20,000 ರೂಪಾಯಿ ಇದೆ ಅಂದುಕೊಳ್ಳಿ. ಒಂದು ಚೀಲವನ್ನು ಸರಾಸರಿಯಿಂದ 20 ಗ್ರಾಂ ದೂರ ಇಡಲು 400 ರೂಪಾಯಿ. 80 ಗ್ರಾಂ ದೂರಕ್ಕೆ 6,400. 100 ಗ್ರಾಂ ದೂರಕ್ಕೆ 10,000. ಈ ದುಡ್ಡಲ್ಲಿ 80 ಗ್ರಾಂ ಅಥವಾ ಅದಕ್ಕಿಂತ ದೂರ ಹೆಚ್ಚೆಂದರೆ ಎಷ್ಟು ಚೀಲ ಇಡಬಹುದು? ಜಿಪುಣತನದಿಂದ ಯೋಚಿಸಿದರೆ, ಒಳಗಿನ ಚೀಲಗಳಿಗೆ ಒಂದು ಪೈಸೆಯೂ ಕೊಡಬಾರದು, ಎಲ್ಲವನ್ನೂ ಸರಿಯಾಗಿ ಸರಾಸರಿ ಮೇಲೆ ಕೂರಿಸಬೇಕು. ಹೊರಗೆ ಇಡುವವನ್ನೂ 80ಕ್ಕೇ ಇಡಬೇಕು, ಒಂದು ಗ್ರಾಂ ಆಚೆಗೂ ಬೇಡ. ಆಗ 3,20,000 ಭಾಗಿಸು 6,400, ಅಂದರೆ 50 ಚೀಲ. ಇದಕ್ಕಿಂತ ಜಾಸ್ತಿ ಇಡಲು ದುಡ್ಡೇ ಇಲ್ಲ. ಚೆಬಿಷೆವ್ ಅಸಮಾನತೆಯ ಪ್ರೂಫ್ ಇಷ್ಟೇ, ಪುಸ್ತಕದಲ್ಲಿ ಇಂಟಿಗ್ರಲ್ ಹಾಕಿ ಬರೆದಿರುತ್ತಾರೆ ಅಷ್ಟೇ.

ಈಗ ನಮ್ಮ ಮಶಿನ್ ದುಡ್ಡನ್ನು ಹೇಗೆ ಖರ್ಚು ಮಾಡಿದೆ ನೋಡಿ. 80ರ ಒಳಗಿರುವ 184 ಚೀಲಗಳಿಗೇ 1,96,000 ಹೋಗಿದೆ. ಅದು ಜಿಪುಣ ಲೆಕ್ಕದಲ್ಲಿ ಸೊನ್ನೆ ಇರಬೇಕಿತ್ತು. ಆ ದುಡ್ಡಿಗೆ 80 ಗ್ರಾಂ ದೂರದಲ್ಲಿ ಸುಮಾರು 30.6 ಚೀಲ ಬರುತ್ತಿದ್ದವು. ಹೊರಗಿನ 16 ಚೀಲಗಳಿಗೆ 1,24,000 ಹೋಗಿದೆ. ಅವು 80ಕ್ಕೇ ನಿಂತಿದ್ದರೆ 1,02,400 ಸಾಕಿತ್ತು. ಆರು ಚೀಲ 100ರವರೆಗೆ ಹೋದದ್ದರಿಂದ 21,600 ಹೆಚ್ಚಿಗೆ ಖರ್ಚಾಯಿತು, ಅದು 3.4 ಚೀಲಕ್ಕೆ ಸಮ. 16ಕ್ಕೆ 30.6 ಮತ್ತು 3.4 ಕೂಡಿಸಿ. ಸರಿಯಾಗಿ 50.

ಅಂದರೆ ಸಡಿಲಿಗೆ ಎರಡು ತೂತು. ಒಂದು, ಒಳಗಿನವು ನಿಜವಾಗಿ ಸುಮ್ನೆ ಕೂತಿರಲ್ಲ, ಅಲ್ಲಾಡುತ್ತಲೇ ಇರುತ್ತವೆ, ಆ ಅಲ್ಲಾಟವೇ ವೇರಿಯನ್ಸ್‌ನ ದೊಡ್ಡ ಪಾಲು ತಿನ್ನುತ್ತದೆ. ಎರಡು, ಹೊರಗಿನವು ಗೆರೆ ಮೇಲೇ ನಿಲ್ಲದೆ ಇನ್ನೂ ದೂರ ಹೋಗುತ್ತವೆ. ನಮ್ಮ ಕೇಸಲ್ಲಿ ಮೊದಲನೆಯದೇ ದೊಡ್ಡ ತೂತು, ಎರಡನೆಯದು ಹೆಸರಿಗೆ ಮಾತ್ರ.

ಮಾವ ಪಟ್ಟಿ ನೋಡಿ ಒಂದು ಪ್ರಶ್ನೆ ಕೇಳಿದ, ಅದು ನಾನು ಕಾಲೇಜಲ್ಲಿ ಕೇಳಬೇಕಿದ್ದ ಪ್ರಶ್ನೆ. "ಹಂಗಾರ ಈ ಐವತ್ತು ಚೀಲ ಅನ್ನೂದು ಯಾವ ಮಶಿನ್ ಲೆಕ್ಕಪಾ? ನಮ್ಮದಂತೂ ಅಲ್ಲ."

ಅಂಥ ಮಶಿನ್‌ನ ಪೂರ್ತಿ ವಿವರವನ್ನೇ ಕೊಡಬಹುದು. 150 ಚೀಲ ಒಂದು ಗ್ರಾಂ ಹೆಚ್ಚುಕಮ್ಮಿ ಇಲ್ಲದೆ ಸರಾಸರಿ ಮೇಲೆ. 25 ಚೀಲ ಸರಿಯಾಗಿ 80 ಗ್ರಾಂ ಮೇಲೆ, 25 ಚೀಲ ಸರಿಯಾಗಿ 80 ಗ್ರಾಂ ಕೆಳಗೆ. ನಡುವೆ ಏನೂ ಇಲ್ಲ. ಹತ್ತು ಸಿಗ್ಮಾಕ್ಕೆ ಬೇಕಾದರೆ ಬೇರೆ ಮಶಿನ್: 198 ಚೀಲ ಸರಾಸರಿ ಮೇಲೆ, ಒಂದು 400 ಗ್ರಾಂ ಮೇಲೆ, ಒಂದು 400 ಗ್ರಾಂ ಕೆಳಗೆ. 400ರ ವರ್ಗ 1,60,000, ಎರಡು ಚೀಲಕ್ಕೆ 3,20,000. ಅದೇ ಮೊತ್ತ, ಅದೇ 40 ಗ್ರಾಂ ಸಿಗ್ಮಾ. ಗಮನಿಸಿ, ಪ್ರತಿ kಗೂ ಬೇರೆ ಬೇರೆ ಕೆಟ್ಟ ಮಶಿನ್ ಬೇಕು. ಎಲ್ಲ ದೂರಕ್ಕೂ ಒಟ್ಟಿಗೆ ಅಸಮಾನತೆಯನ್ನು ಮುಟ್ಟುವ ಒಂದೇ ಮಶಿನ್ ಇರಲು ಸಾಧ್ಯವಿಲ್ಲ, ಯಾಕಂದರೆ ದುಡ್ಡು ಒಂದೇ ಸಲ ಖರ್ಚಾಗುವುದು.

ಕೈಯಲ್ಲಿ ಬರೀ ವೇರಿಯನ್ಸ್ ಇದ್ದಾಗ ಅಸಮಾನತೆ ನಮ್ಮ ಮಶಿನ್ನನ್ನೂ ಆ ವಿಚಿತ್ರ ಮಶಿನ್ನನ್ನೂ ಬೇರೆ ಮಾಡಿ ನೋಡಲಾರದು. ಎರಡಕ್ಕೂ ಒಂದೇ ಉತ್ತರ ಕೊಡಬೇಕು, ಹಾಗಾಗಿ ಕೆಟ್ಟದ್ದಕ್ಕೆ ಸರಿಹೋಗುವ ಉತ್ತರ ಕೊಡುತ್ತದೆ. ಮಾವನ ಹತ್ತೊಂಬತ್ತು ಚೀಲ ಹೋಗುತ್ತಿದ್ದದ್ದು ಆ ವಿಚಿತ್ರ ಮಶಿನ್‌ನ ಹೆಸರಿಗೆ.

ಸ್ವಲ್ಪ ಜಾಸ್ತಿ ಗೊತ್ತಿದ್ದರೆ ಎಷ್ಟು ಉಳಿತಾಯ

ನಮಗೆ ಕಡಿಮೆ ತೂಕದ ಚಿಂತೆ ಮಾತ್ರ, ಜಾಸ್ತಿ ತೂಕಕ್ಕೆ ಯಾರೂ ತಕರಾರು ಮಾಡಲ್ಲ. ಹಾಗಾದರೆ ಒಂದೇ ಕಡೆಯ ಲೆಕ್ಕ ಹಾಕಿದರೆ ಅರ್ಧ ಆಗುತ್ತದಲ್ವಾ ಅಂತ ಅನ್ನಿಸುತ್ತದೆ. ಆಗಲ್ಲ. ಒಂದು ಕಡೆಗೆ ಇರುವ ಅಸಮಾನತೆಗೆ ಕಾಂಟೆಲ್ಲಿ ಹೆಸರು, ಅದರ ಮಿತಿ 1/(1+k²). ನೂರಕ್ಕೆ ಒಂದು ಬೇಕಾದರೆ k ಹತ್ತರ ಬದಲು 9.95. 400 ಗ್ರಾಂ ಬದಲು 398. ಎರಡು ಗ್ರಾಂ ಉಳಿತಾಯ! ಕೆಟ್ಟ ಮಶಿನ್‌ಗೆ ಎರಡೂ ಕಡೆ ಖರ್ಚು ಮಾಡಲೇಬೇಕು ಅಂತ ಏನಿಲ್ಲ, ಇದ್ದದ್ದನ್ನೆಲ್ಲ ಕೆಳಗಿನ ಕಡೆಗೇ ಸುರಿಯಬಹುದು, ಅದಕ್ಕೇ ಅರ್ಧ ಆಗಲ್ಲ.

ಆಕಾರದ ಬಗ್ಗೆ ಒಂದು ಮಾತು ಗೊತ್ತಿದ್ದರೆ ಮಾತ್ರ ಬದಲಾಗುತ್ತದೆ. ನಮ್ಮ ಪಟ್ಟಿಯಲ್ಲಿ ನಡುವೆ ಒಂದೇ ಗುಡ್ಡ ಇದೆ, ಎರಡೂ ಕಡೆ ಇಳಿಯುತ್ತಾ ಹೋಗುತ್ತದೆ. ಒಂದೇ ಗುಡ್ಡ ಇರುವ ಹರಡುವಿಕೆಗೆ ಮಿತಿ 4/(9k²) ಆಗುತ್ತದೆ. ಇದರ ಮೊದಲ ರೂಪ ಗೌಸ್‌ದು, 1823ರದು, ಆದರೆ ಅವನು ದೂರವನ್ನು ಗುಡ್ಡದ ತುದಿಯಿಂದ ಅಳೆದಿದ್ದ. ಸರಾಸರಿಯಿಂದಲೇ ಅಳೆಯುವ ರೂಪ ಬಂದದ್ದು 1980ರಲ್ಲಿ, ವೈಸೊಚಾನ್ಸ್ಕಿ ಮತ್ತು ಪೆಟುನಿನ್ ಅವರಿಂದ, k 1.63ಕ್ಕಿಂತ ದೊಡ್ಡದಿದ್ದಾಗ ಅದು ನಡೆಯುತ್ತದೆ. ಅದರಂತೆ ನೂರಕ್ಕೆ ಒಂದಕ್ಕೆ k 6.67, ಅಂದರೆ 267 ಗ್ರಾಂ. 400ರಿಂದ 267ಕ್ಕೆ ಇಳಿಯಿತು, ಅದೂ "ನಡುವೆ ತಗ್ಗು ಇಲ್ಲ" ಅನ್ನುವ ಒಂದೇ ಮಾತಿನಿಂದ.

ಇನ್ನೊಂದು ದಾರಿ, ವರ್ಗದ ಬದಲು ನಾಲ್ಕನೇ ಘಾತ ತೆಗೆದುಕೊಳ್ಳುವುದು. ಅದೇ ಖರ್ಚಿನ ಪುಸ್ತಕ, ದರ ಮಾತ್ರ ಬೇರೆ: ಚೀಲವನ್ನು ದೂರ ಇಡುವುದು ಇಲ್ಲಿ ಭಾರೀ ದುಬಾರಿ. ನಮ್ಮ ಪಟ್ಟಿಯ ನಾಲ್ಕನೇ ಘಾತಗಳನ್ನು ಕೂಡಿಸಿದರೆ ಸುಮಾರು 147.6 ಕೋಟಿ. ಅಷ್ಟು ದುಡ್ಡಿಗೆ ಎರಡೇ ಚೀಲ ಹೊರಗೆ ಇಡಬೇಕು ಅಂದರೆ ಗೆರೆ 165 ಗ್ರಾಂ ಹತ್ತಿರ ಬರುತ್ತದೆ. ಆಕಾರದ ಬಗ್ಗೆ ಏನೂ ಊಹೆ ಮಾಡದೆ, ಇನ್ನೊಂದು ಸರಾಸರಿ ಲೆಕ್ಕ ಹಾಕಿದ್ದಕ್ಕೆ 400 ಇದ್ದದ್ದು 165 ಆಯಿತು. ಇದರ ತೊಂದರೆ ಏನಂದರೆ, 200 ಚೀಲದಿಂದ ತೆಗೆದ ನಾಲ್ಕನೇ ಘಾತ ನಂಬಿಕೆಗೆ ಅಷ್ಟು ಅರ್ಹ ಅಲ್ಲ, ದೂರದ ಒಂದು ಚೀಲ ತಪ್ಪಿಹೋದರೆ ಮೊತ್ತವೇ ಬದಲಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಕೈ ಕೊಟ್ಟಿತು.

ಗಂಟೆಯಾಕಾರ ಅಂತಲೇ ಒಪ್ಪಿಕೊಂಡರೆ? ಆಗ ಒಂದು ಕಡೆ ನೂರಕ್ಕೆ ಒಂದಕ್ಕೆ 2.33 ಸಿಗ್ಮಾ ಸಾಕು, 93 ಗ್ರಾಂ. ನಾನು ಅಲ್ಲಿಯವರೆಗೆ ಹೋಗಲು ಹೆದರಿದೆ. ತೂಗಿದ ಪಟ್ಟಿ ನೋಡಿ, ಮೂರು ಸಿಗ್ಮಾ ಬಿಟ್ಟು 25.120ಕ್ಕೆ ಸೆಟ್ ಮಾಡಿಸಿದೆ. ಆಮೇಲೆ ಬೇರೆ ಬೇರೆ ದಿನ 300 ಚೀಲ ತೂಗಿದೆವು, ಕಡಿಮೆ ಬಂದದ್ದು ಒಂದು, ಅದೂ ಐದು ಗ್ರಾಂ. ದಿನಕ್ಕೆ ಹೆಚ್ಚಿಗೆ ಹೋಗುವುದು 144 ಕೆಜಿ. ಮಾವನಿಗೆ ಅದೂ ಜಾಸ್ತಿಯೇ, ಆದರೆ ಬೈಯಲಿಲ್ಲ.

ಎರಡನೇ ಮಶಿನ್

ಇಲ್ಲಿಗೆ ಮುಗಿಸಿದ್ದರೆ ಚೆಬಿಷೆವ್ ಬರೀ ದಂಡ ಅಂತ ಬರೆದು ಮುಗಿಸುತ್ತಿದ್ದೆ.

ಎರಡನೇ ಮಶಿನ್ ಹೊಸದು, ಚಲೋ ತೂಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿದೆ. 50 ಚೀಲ ತೂಗಿಸಿದೆ. ಆಹಾ, ಎಂಥ ಮಶಿನ್! ಸಿಗ್ಮಾ ಬರೀ 5 ಗ್ರಾಂ. ಇಷ್ಟು ಚಿಕ್ಕದಿದ್ದರೆ ಆಕಾರದ ತಲೆಬಿಸಿಯೇ ಬೇಡ, ಅತೀ ಸಡಿಲಾದ ಚೆಬಿಷೆವ್ ಹಾಕಿದರೂ ಹತ್ತು ಸಿಗ್ಮಾಕ್ಕೆ 50 ಗ್ರಾಂ ಅಷ್ಟೇ. 25.050ಕ್ಕೆ ಸೆಟ್ ಮಾಡಿಸಿದೆ. ಈ ಸಲ ಗ್ಯಾರಂಟಿ ಗ್ಯಾರಂಟಿನೇ ಅಂದುಕೊಂಡೆ, ಯಾಕಂದರೆ ನಿಜ ಯಾವಾಗಲೂ ಈ ಮಿತಿಗಿಂತ ಎಷ್ಟೋ ಕಡಿಮೆ ಅಂತ ಈಗಷ್ಟೇ ಕಲಿತಿದ್ದೆನಲ್ಲ.

ಎರಡು ವಾರಕ್ಕೆ ಬಳ್ಳಾರಿಯಿಂದ ಫೋನ್ ಬಂತು. ಮೂರು ಚೀಲ 24.650 ಹತ್ತಿರ. ಐದು-ಹತ್ತು ಗ್ರಾಂ ಅಲ್ಲ, 350 ಗ್ರಾಂ ಕಡಿಮೆ. ಫೋನಲ್ಲಿ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಈ ಸಲ ಎರಡನೇ ಮಶಿನ್‌ದೂ 200 ಚೀಲ ತೂಗಿಸಿ, ಪಕ್ಕದಲ್ಲೇ ನಿಂತೆ. 198 ಚೀಲ ಮುತ್ತಿನಂತೆ, 25.050ಕ್ಕೆ ಐದಾರು ಗ್ರಾಂ ಆಚೀಚೆ. ಎರಡು ಚೀಲ ಮಾತ್ರ 24.650. ಒಂದು ಸಿಕ್ಕಾಗ ನಾನು ಅಲ್ಲೇ ಇದ್ದೆ. ಮಶಿನ್ ಮೊದಲು ದಪ್ಪ ಧಾರೆ ಬಿಡುತ್ತದೆ, ತೂಕ ಹತ್ತಿರ ಬಂದ ಮೇಲೆ ಸಣ್ಣ ಧಾರೆಗೆ ಬಂದು ಕೊನೆಯ ಕೆಲವು ನೂರು ಗ್ರಾಂ ನಿಧಾನಕ್ಕೆ ತುಂಬುತ್ತದೆ. ಆ ಸಣ್ಣ ಧಾರೆ ತಟ್ಟನೆ ನಿಂತಿತು. ಸ್ಕ್ರೀನ್ ಮೇಲೆ ಅಂಕಿ ಅಲ್ಲಾಡಲಿಲ್ಲ. ಅಲ್ಲಿದ್ದ ಹುಡುಗ ಎರಡು ಸೆಕೆಂಡ್ ನೋಡಿ, ಚೀಲ ಬಿಡುವ ಬಟನ್ ಒತ್ತಿದ. ಚೀಲ ಹೊಲಿಗೆ ಮಶಿನ್ ಕಡೆ ಹೋಯಿತು. ಗೇಟಿಗೆ ಬಡಿದ, ಮತ್ತೆ ಅಕ್ಕಿ ಹರಿಯಿತು.

ಯಾಕಪ್ಪಾ ಹಂಗೆ ಬಿಟ್ಟೆ ಅಂದೆ. "ಸಿಕ್ಕೊಂತೈತ್ರಿ, ಹಿಂದ ಸಾಲು ನಿಂದರ್ತೈತಿ, ಅದಕ್ಕ ಬಟನ್ ಒತ್ತಿ ಬಿಡ್ತೀನ್ರಿ."

ಗೇಟ್ ಬಿಚ್ಚಿ ನೋಡಿದರೆ ಸುತಳಿ. ಎರಡನೇ ಸಲ ಪಾಲಿಶ್ ಮಾಡುವ ಅಕ್ಕಿ ಹಳೇ ಚೀಲಗಳಿಂದ ಬರುತ್ತದೆ, ಹೊಲಿಗೆ ಬಿಚ್ಚುವಾಗ ಸುತಳಿ ತುಂಡು ಒಳಗೆ ಬೀಳುತ್ತದೆ, ಅದು ಸಣ್ಣ ಧಾರೆಯ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತದೆ. ದಪ್ಪ ಧಾರೆಗೆ ಅದು ಲೆಕ್ಕಕ್ಕಿಲ್ಲ. ಹಾಗಾಗಿ ಕೊರತೆ ಯಾವಾಗಲೂ 400 ಗ್ರಾಂ ಆಸುಪಾಸು, ಸಣ್ಣ ಧಾರೆ ತುಂಬಬೇಕಿದ್ದಷ್ಟು.

ಆಮೇಲೆ ಸುಮ್ನೆ ಕುತೂಹಲಕ್ಕೆ ಈ 200 ಚೀಲಗಳ ಸಿಗ್ಮಾ ತೆಗೆದೆ. 40 ಗ್ರಾಂ. ಕಾಕತಾಳೀಯ ಅಂದರೆ ಹೀಗಿರಬೇಕು, ಒಂದನೇ ಮಶಿನ್‌ದೂ ಅಷ್ಟೇ. ಸರಾಸರಿ ನಾಲ್ಕು ಗ್ರಾಂ ಕೆಳಗೆ ಜಾರಿ 25.046 ಆಗಿತ್ತು, ಅಲ್ಲಿಂದ ಆ ಎರಡು ಚೀಲ 396 ಗ್ರಾಂ ದೂರ, ಹತ್ತಿರ ಹತ್ತಿರ 9.9 ಸಿಗ್ಮಾ. ಅಷ್ಟು ದೂರಕ್ಕೆ ಕಾಂಟೆಲ್ಲಿಯ ಮಿತಿ ನೂರಕ್ಕೆ ಒಂದು ಚಿಲ್ಲರೆ. ಇದ್ದದ್ದು 200ಕ್ಕೆ ಎರಡು, ಅಂದರೆ ನೂರಕ್ಕೆ ಒಂದು. ಸಡಿಲು ಇಲ್ಲವೇ ಇಲ್ಲ! ಪುಸ್ತಕದ ವಿಚಿತ್ರ ಮಶಿನ್, ನಮ್ಮದಲ್ಲ ಅಂತ ಮಾವ ಹೇಳಿದ್ದು, ಅದೇ ಶೆಡ್‌ನಲ್ಲಿ ಹತ್ತು ಹೆಜ್ಜೆ ಆಚೆ ಓಡುತ್ತಿತ್ತು.

ಮಿತಿ ಸುಳ್ಳಾಯಿತಾ?

ನನ್ನ 50 ಗ್ರಾಂ ಗ್ಯಾರಂಟಿ ಹಾಗಾದರೆ ಎಲ್ಲಿ ಮುರಿಯಿತು? ಅಸಮಾನತೆ ಮುರಿಯಲಿಲ್ಲ. ಅದಕ್ಕೆ ಬೇಕಿದ್ದದ್ದು ಮಶಿನ್‌ನ ನಿಜವಾದ ಸಿಗ್ಮಾ, ನಾನು ಕೊಟ್ಟದ್ದು 50 ಚೀಲದಿಂದ ತೆಗೆದ ಸಿಗ್ಮಾ. ಸುತಳಿ ನೂರಕ್ಕೆ ಒಂದು ಸಲ ಸಿಕ್ಕುವುದಾದರೆ, 50 ಚೀಲದಲ್ಲಿ ಒಂದೂ ಸಿಗದೇ ಇರುವ ಸಾಧ್ಯತೆ 0.99ರ 50ನೇ ಘಾತ, ನೂರಕ್ಕೆ 60. ಐದರಲ್ಲಿ ಮೂರು ಸಲ ನಾನು ನೋಡಿದ್ದನ್ನೇ ನೋಡುತ್ತಿದ್ದೆ, ಮುತ್ತಿನಂಥ 50 ಚೀಲ. 200 ಚೀಲ ತೂಗಿದ್ದರೂ ನೂರಕ್ಕೆ 13 ಸಲ ಏನೂ ಕಾಣುತ್ತಿರಲಿಲ್ಲ.

ತಮಾಷೆ ನೋಡಿ. ಚೆಬಿಷೆವ್ ಅತೀ ಸಡಿಲು ಆಗುವುದು ವೇರಿಯನ್ಸ್ ಎಲ್ಲ ಚೀಲಗಳಿಗೂ ಹಂಚಿಹೋದಾಗ, ಆಗ ಸಿಗ್ಮಾ ಅಳೆಯುವುದು ಸುಲಭ, 50 ಚೀಲವೂ ಸಾಕು. ಅದು ಬಿಗಿಯಾಗುವುದು ವೇರಿಯನ್ಸ್ ಪೂರ್ತಿ ಒಂದೆರಡು ಚೀಲದಲ್ಲಿ ಕೂತಾಗ, ಆಗಲೇ ಸಿಗ್ಮಾ ಅಳೆಯುವುದು ಕಷ್ಟ, ಯಾಕಂದರೆ ಆ ಒಂದೆರಡು ಚೀಲ ಸ್ಯಾಂಪಲ್‌ಗೆ ಬೀಳಲೇಬೇಕು. ನಿಮಗೆ ಈ ಅಸಮಾನತೆ ನಿಜವಾಗಿ ಬೇಕಾಗುವ ಜಾಗದಲ್ಲೇ ಅದಕ್ಕೆ ಹಾಕುವ ಅಂಕಿ ನಂಬಲು ಬರಲ್ಲ.

ಯಾವ ಜಾತಿಯ ಮಶಿನ್ ಅಂತ ತಿಳಿಯಲು ಈಗ ನಾನು ಮಾಡುವುದು ಒಂದು ಸಣ್ಣ ಕೆಲಸ. ಖರ್ಚಿನ ಪುಸ್ತಕದಲ್ಲಿ ಅತೀ ದೂರದ ಎರಡು ಚೀಲ ಎಷ್ಟು ಪಾಲು ತಿಂದಿವೆ ಅಂತ ನೋಡುತ್ತೇನೆ. w ಅನ್ನೋದು ತೂಕಗಳ ಪಟ್ಟಿ:

```python
m = sum(w) / len(w)
s = sorted(((x - m)**2 for x in w), reverse=True)
print(sum(s[:2]) / sum(s))
```

ಒಂದನೇ ಮಶಿನ್‌ಗೆ 0.06 ಬಂತು. 200 ಚೀಲಗಳ ಗಂಟೆಯಾಕಾರದ ಪಟ್ಟಿಗೂ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಎರಡನೇ ಮಶಿನ್‌ಗೆ 0.97. ಸಿಗ್ಮಾ ಒಂದೇ, ಈ ಅಂಕಿ ಬೇರೆ. ಈ ಪಾಲು ದೊಡ್ಡದು ಬಂದರೆ ಸರಾಸರಿ ಏರಿಸುವ ಮಾತೇ ಇಲ್ಲ, ಆ ಎರಡು ಚೀಲ ಹುಡುಕಬೇಕು. ಚಿಕ್ಕದು ಬಂದರೆ ಅಷ್ಟಕ್ಕೇ ಧೈರ್ಯ ಮಾಡಬೇಡಿ, ನನ್ನ 50 ಚೀಲಕ್ಕೂ ಚಿಕ್ಕದೇ ಬಂದಿತ್ತು.

ಎರಡನೇ ಮಶಿನ್ನನ್ನು 25.400ಕ್ಕೆ ಏರಿಸಿದ್ದರೆ ಲೆಕ್ಕಕ್ಕೆ ಸರಿಹೋಗುತ್ತಿತ್ತು, 198 ಸರಿ ಇರುವ ಚೀಲಗಳಿಗೂ 400 ಗ್ರಾಂ ಪುಕ್ಕಟೆ ಹಾಕಿ. ಅದರ ಬದಲು ಹಾಪರ್ ಮೇಲೆ ಒಂದು ಕಬ್ಬಿಣದ ಜಾಲಿ ಕೂರಿಸಿದರು, ಸುತಳಿ ಅದರ ಮೇಲೇ ನಿಲ್ಲುತ್ತದೆ, ದಿನಕ್ಕೆ ಎರಡು ಸಲ ಕೈಯಿಂದ ತೆಗೆಯಬೇಕು. ಹುಡುಗನಿಗೆ ಬಟನ್ ಒತ್ತಿ ಬಿಟ್ಟ ಚೀಲವನ್ನು ಹೊಲಿಗೆಗೆ ಕಳಿಸದೆ ಪಕ್ಕಕ್ಕೆ ಇಡು ಅಂತ ಹೇಳಿದ್ದಾರೆ. ಬೈಯದಿದ್ದರೆ ಇಡುತ್ತಾನೆ, ಬೈದರೆ ಮತ್ತೆ ಮುಚ್ಚಿಡುತ್ತಾನೆ, ಅದು ಮಾವನಿಗೆ ನಾನು ಹೇಳಬೇಕಾಗಿ ಬಂತು.

ಒಂದನೇ ಮಶಿನ್‌ದು ಈಗ ಪ್ರತಿ ಸೋಮವಾರ 30 ಚೀಲ ತೂಗುತ್ತಾರೆ, ಹೊಸ ಭತ್ತದ ಅಕ್ಕಿ ಬಂದಾಗ ಸಿಗ್ಮಾ 55ಕ್ಕೆ ಹೋಗಿತ್ತು, ಕೂಡಲೇ ಗೊತ್ತಾಯಿತು, 25.160 ಮಾಡಿದರು. ಎರಡನೇದಕ್ಕೆ ಆ 30 ಚೀಲದ ಪದ್ಧತಿ ಬೇಡ ಅಂದೆ. ನೂರಕ್ಕೆ ಒಂದರ ಕಾಯಿಲೆ 30 ಚೀಲದಲ್ಲಿ ನಾಲ್ಕರಲ್ಲಿ ಮೂರು ಸಲ ಕಾಣಲ್ಲ. ಅಲ್ಲಿ ಹೊಲಿಗೆಗೆ ಮುಂಚೆ ಒಂದು ಕಾಟಾ ಇಟ್ಟಿದ್ದಾರೆ, ಪ್ರತಿ ಚೀಲವೂ ಅದರ ಮೇಲೆ ಒಂದು ಸಲ ಕೂತೇ ಹೋಗಬೇಕು.